ಶೇ. 95 ಯಾರ ಲೆಕ್ಕಕ್ಕೆ?

ಆಲ್ಬರ್ಟ್ ಮೈಕೆಲ್‌ಸನ್ 1879ರಲ್ಲಿ ಅಮೆರಿಕದ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ತಿರುಗುವ ಕನ್ನಡಿಯೊಂದನ್ನು ಹೂಡಿ, ಗಾಳಿಯಲ್ಲಿ ಬೆಳಕು ಎಷ್ಟು ವೇಗವಾಗಿ ಓಡುತ್ತದೆಂದು ಅಳೆದರು. ಆ ಪ್ರಯೋಗದ ನೂರು ಅಳತೆಗಳು ಇಂದಿಗೂ R ತಂತ್ರಾಂಶದಲ್ಲಿ `morley` ಎಂಬ ಹೆಸರಿನಲ್ಲಿ ಸಿಗುತ್ತವೆ. (ಮಾರ್ಲಿ ಅವರು ಮೈಕೆಲ್‌ಸನ್ನರ ಜೊತೆಗೂಡಿದ್ದು ಆಮೇಲೆ. ಈ ಅಳತೆಗಳಲ್ಲಿ ಅವರ ಪಾಲಿಲ್ಲ.)

ನೂರರ ಸರಾಸರಿ ಸೆಕೆಂಡಿಗೆ 2,99,852 ಕಿ.ಮೀ. ಅಳತೆಗಳು ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆ 79. ಅದನ್ನು ನೂರರ ವರ್ಗಮೂಲವಾದ 10ರಿಂದ ಭಾಗಿಸಿದರೆ 7.9, ಸರಾಸರಿ ಎಷ್ಟು ಅಲುಗಾಡೀತು ಎಂಬುದರ ಅಂದಾಜು ಇದು. ಅದರ ಸುಮಾರು ಎರಡು ಪಟ್ಟನ್ನು, ಅಂದರೆ 16ನ್ನು, ಸರಾಸರಿಯಿಂದ ಕಳೆದು, ಸರಾಸರಿಗೆ ಕೂಡಿಸಿದರೆ 2,99,836ರಿಂದ 2,99,868ರವರೆಗಿನ ವಿಶ್ವಾಸಾಂತರ ಸಿಗುತ್ತದೆ. ಪಠ್ಯಪುಸ್ತಕದ ‘ಶೇ. 95 ಕಾನ್ಫಿಡೆನ್ಸ್ ಇಂಟರ್ವಲ್’ ಇದೇ.

ಇಷ್ಟಾದ ಮೇಲೆ ಬಹುತೇಕ ಎಲ್ಲರೂ ಬರೆಯುವ ವಾಕ್ಯ: ‘ನಿಜವಾದ ವೇಗ ಈ ಎರಡು ಸಂಖ್ಯೆಗಳ ನಡುವೆ ಇರುವ ಸಂಭವನೀಯತೆ ಶೇ. 95.’ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಬಂದರೂ ಬಂದೀತು, ಮಾತು ಮಾತ್ರ ತಪ್ಪು.

ನಿರ್ವಾತದಲ್ಲಿ ಬೆಳಕಿನ ವೇಗ 2,99,792.458 ಕಿ.ಮೀ. ಗಾಳಿಯಲ್ಲಿ ಇನ್ನೂ ತುಸು ಕಡಿಮೆ. ನಮ್ಮ ಅಂತರದಲ್ಲಿ ಅದು ಇಲ್ಲವೇ ಇಲ್ಲ. 1879ರಲ್ಲೂ ಇರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ವೇಗ ಒಂದೇ ಕಡೆ ನಿಂತಿತ್ತು, ಎಳೆದ ಗೆರೆಗಳೂ ನಿಂತಿದ್ದವು. ಇವೆರಡರಲ್ಲಿ ಯಾವುದೂ ಅಲುಗದ ಮೇಲೆ ಸಂಭವನೀಯತೆಗೆ ಎಡೆಯೆಲ್ಲಿ? ವಿಶ್ವಾಸಾಂತರದ ವಿಧಾನವನ್ನು ರೂಪಿಸಿದ ಯೆರ್ಜಿ ನೇಮನ್ 1937ರ ಪ್ರಬಂಧದಲ್ಲೇ ಇದನ್ನು ಒತ್ತಿ ಹೇಳಿದ್ದರು.

ಹಾಗಾದರೆ 95 ಸೇರುವುದು ಲೆಕ್ಕದ ವಿಧಾನಕ್ಕೆ. ಪ್ರತಿ ಸಲವೂ ಹೊಸದಾಗಿ ನೂರು ಅಳತೆ ಮಾಡಿ ಅಂತರ ಕಟ್ಟುತ್ತಾ ಹೋದರೆ, ಪ್ರತಿ ಸಲವೂ ಅಂತರ ಬೇರೆ ಬೇರೆ ಕಡೆ ಬೀಳುತ್ತದೆ. ಅವುಗಳಲ್ಲಿ ನೂರಕ್ಕೆ ಸುಮಾರು 95 ನಿಜವಾದ ಬೆಲೆಯನ್ನು ಒಳಗೊಂಡಿರುತ್ತವೆ. ನಮ್ಮ ಕೈಯಲ್ಲಿರುವುದು ಆ 95ರಲ್ಲಿ ಒಂದೋ, ಉಳಿದ ಐದರಲ್ಲಿ ಒಂದೋ ಎಂದು ಅಂತರವೇ ಹೇಳುವುದಿಲ್ಲ. ಈ ಒಂದು ಅಂತರಕ್ಕೇ ಸಂಭವನೀಯತೆ ಬೇಕೆಂದರೆ ಬೇಯ್ಸ್ ವಿಧಾನಕ್ಕೆ ಹೋಗಬೇಕು; ಅಳೆಯುವ ಮೊದಲು ನಮಗಿದ್ದ ನಂಬಿಕೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ನೂರಕ್ಕೆ 95 ಎಂಬ ಭರವಸೆಗೂ ಷರತ್ತುಂಟು: ಅಳತೆಗಳು ಒಂದೇ ದಿಕ್ಕಿಗೆ ವಾಲಿರಬಾರದು. ಮೈಕೆಲ್‌ಸನ್ನರವು ವಾಲಿದ್ದವು. ಸುಳಿವು ಅವರ ಅಂಕಿಗಳಲ್ಲೇ ಇದೆ. ಮೊದಲ ಇಪ್ಪತ್ತರ ಸರಾಸರಿ 2,99,909, ನಾಲ್ಕನೆಯ ಇಪ್ಪತ್ತರದ್ದು ಸುಮಾರು 2,99,820. ಬರೀ ಆಕಸ್ಮಿಕ ಏರಿಳಿತದಿಂದ ಇಷ್ಟು ವ್ಯತ್ಯಾಸ ಬರುವುದು ಕಷ್ಟ. ಉಪಕರಣದಲ್ಲಿ ಏನೋ ಸರಿಯುತ್ತಿದ್ದಿರಬೇಕು. ಇಂಥ ದೋಷವನ್ನು ಹೆಚ್ಚು ಅಳತೆಗಳು ತಿದ್ದುವುದಿಲ್ಲ. ಹತ್ತು ಸಾವಿರ ಸಲ ಅಳೆದಿದ್ದರೆ 16 ಇದ್ದದ್ದು 1.6ಕ್ಕೆ ಇಳಿದು, ಅಂತರ ತಪ್ಪು ಜಾಗದಲ್ಲೇ ಇನ್ನಷ್ಟು ಕಿರಿದಾಗುತ್ತಿತ್ತು. ಮೈಕೆಲ್‌ಸನ್ನರಿಗೆ ಈ ಅಪಾಯ ತಿಳಿದಿತ್ತು. ಉಪಕರಣದ ದೋಷಗಳನ್ನೂ ಅಂದಾಜು ಮಾಡಿ, ಗಾಳಿಯ ತಿದ್ದುಪಡಿ ಸೇರಿಸಿ, ನಿರ್ವಾತದ ವೇಗವನ್ನು 2,99,944 ಎಂದೂ ಅದರಲ್ಲಿ 51ರಷ್ಟು ಹೆಚ್ಚುಕಡಿಮೆ ಆಗಬಹುದೆಂದೂ ಅವರು ಪ್ರಕಟಿಸಿದರು. ನಿಜವಾದ ಬೆಲೆ ಅದಕ್ಕಿಂತ ಸುಮಾರು 150 ಕೆಳಗಿತ್ತು.