ಬಂಧುವಿಯೋಗ: ರಜೆ ಕೋರುವ ಇ-ಮೇಲ್‌ನಲ್ಲಿ ಎಷ್ಟು ವಿವರ?

ಕರ್ನಾಟಕ ಸೇವಾ ನಿಯಮಾವಳಿಯಲ್ಲಿ ಬಂಧುವಿಯೋಗಕ್ಕೆಂದೇ ಪ್ರತ್ಯೇಕ ರಜೆಯಿಲ್ಲ. ಆದುದರಿಂದ ಯಾವ ರಜೆ, ಎಂದಿನಿಂದ ಎಂದಿನವರೆಗೆ ಎಂಬುದನ್ನು ನೌಕರರೇ ಸ್ಪಷ್ಟವಾಗಿ ತಿಳಿಸತಕ್ಕದ್ದು. ಸಾಂದರ್ಭಿಕ ರಜೆಯನ್ನು ಗಳಿಕೆ ರಜೆಯೊಂದಿಗೆ ಜೋಡಿಸಲು ಬರುವುದಿಲ್ಲ. ಹದಿಮೂರನೆಯ ದಿನದವರೆಗೂ ಬೇಕಿದ್ದಲ್ಲಿ ಮೊದಲ ದಿನದಿಂದಲೇ ಗಳಿಕೆ ರಜೆ ಕೋರುವುದು ಸೂಕ್ತ. ಶಿವಮೊಗ್ಗದ ಕಚೇರಿಯ ನೌಕರರೊಬ್ಬರ ತಾಯಿ ಭದ್ರಾವತಿಯಲ್ಲಿ ತೀರಿಕೊಂಡರೆ ಇಷ್ಟು ಬರೆದರೆ ಸಾಕು:

“ಮಾನ್ಯರೇ, ನನ್ನ ತಾಯಿಯವರು ನಿನ್ನೆ ರಾತ್ರಿ ಭದ್ರಾವತಿಯಲ್ಲಿ ನಿಧನರಾದರು. ಇಂದಿನಿಂದ ಹದಿಮೂರು ದಿನಗಳ ಗಳಿಕೆ ರಜೆಯನ್ನೂ ಕೇಂದ್ರಸ್ಥಾನ ಬಿಡಲು ಅನುಮತಿಯನ್ನೂ ಕೋರುತ್ತೇನೆ. ಬಾಕಿ ಕಡತಗಳ ವಿವರವನ್ನು ಶಾಖೆಯ ಸಹೋದ್ಯೋಗಿಗೆ ತಿಳಿಸಿದ್ದೇನೆ.”

ಕಾಯಿಲೆ, ಚಿಕಿತ್ಸೆ, ಅಂತಿಮ ಕ್ಷಣಗಳ ವಿವರ ಬೇಡ. ಈ ಪತ್ರ ಕಡತ ಸೇರಿ ಹಲವು ಮೇಜುಗಳನ್ನು ದಾಟುತ್ತದೆ. ಆದರೆ “ಅನಿವಾರ್ಯ ಕಾರಣ” ಎಂದಷ್ಟೇ ಬರೆದರೆ ಮೇಲಧಿಕಾರಿ ದುಃಖದ ಮನೆಗೇ ದೂರವಾಣಿ ಮಾಡಿ ವಿಚಾರಿಸಬೇಕಾದೀತು.