ಸೀಮೆಸುಣ್ಣದ ಏಣಿ, ಸಮತೋಲನದ ಗೆರೆ: ಚಿಕ್ಕ ಅಂಗಳದಲ್ಲೊಂದು ಅಡೆತಡೆ ದಾರಿ

ಐದು ವರ್ಷದ ಮಗು ಓಡಬಲ್ಲದು, ಹಾರಬಲ್ಲದು, ಮೆಟ್ಟಿಲು ಹತ್ತಬಲ್ಲದು. ಆದರೆ ಬೇಕಾದ ಜಾಗದಲ್ಲೇ ಕಾಲಿಡುವುದು, ಬೇಕಾದಾಗ ತಟ್ಟನೆ ನಿಲ್ಲುವುದು, ಎಡಗಾಲು ಬಲಗಾಲುಗಳನ್ನು ಸರದಿಯಂತೆ ಬಳಸುವುದು ಇನ್ನೂ ಪಳಗಿರುವುದಿಲ್ಲ. ನೆಲದ ಮೇಲೆ ಗೆರೆ ಎಳೆದು ಮಾಡುವ ಅಡೆತಡೆ ದಾರಿ ಈ ಮೂರನ್ನೂ ಅಭ್ಯಾಸ ಮಾಡಿಸುತ್ತದೆ. ಇಲ್ಲಿ ಹತ್ತಲು ಹಲಗೆಯಿಲ್ಲ, ದಾಟಲು ಟೈರಿಲ್ಲ, ಅಡೆತಡೆಗಳೆಲ್ಲ ಬರೀ ಗೆರೆಗಳು. ಕುಂಟೆಬಿಲ್ಲೆ ಆಡುವವರಿಗೆ ಇದರ ಮೂಲತತ್ವ ಗೊತ್ತಿರುವುದೇ: ಗೆರೆ ತುಳಿಯಬಾರದು, ಮನೆಯೊಳಗೇ ಕಾಲಿಡಬೇಕು. ಮರದ ಅಥವಾ ಕಬ್ಬಿಣದ ಸಲಕರಣೆಗೆ ಇಲ್ಲದ ಒಂದು ಅನುಕೂಲ ಸೀಮೆಸುಣ್ಣಕ್ಕಿದೆ. ಅಳತೆ ಮಗುವಿಗೆ ಹೊಂದದಿದ್ದರೆ ಒರೆಸಿ, ಎರಡು ಅಂಗುಲ ಆಚೀಚೆ ಮಾಡಿ ಮತ್ತೆ ಬರೆಯಬಹುದು. ದಾರಿ ಕೆಲಸ ಮಾಡುವುದೂ ಮಾಡದಿರುವುದೂ ಬಹುಪಾಲು ಈ ಅಂಗುಲಗಳ ಮೇಲೆ ನಿಂತಿದೆ.

ಮೈಯೊಳಗೆ ನಡೆಯುವುದು

ದೇಹ ಬೀಳದಂತೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬೇಕು. ಕಣ್ಣು ಸುತ್ತಲಿನದನ್ನು ತಿಳಿಸುತ್ತದೆ, ಒಳಗಿವಿ ತಲೆಯ ಓಲಾಟವನ್ನು ತಿಳಿಸುತ್ತದೆ, ಅಂಗಾಲು, ಕೀಲು ಮತ್ತು ಸ್ನಾಯುಗಳು ಕಾಲು ಎಲ್ಲಿದೆ, ಎಷ್ಟು ಬಾಗಿದೆ ಎಂಬುದನ್ನು ತಿಳಿಸುತ್ತವೆ. ದೊಡ್ಡವರ ಮಿದುಳು ಈ ಮೂರನ್ನೂ ಕೂಡಿಸಿ ನೋಡುತ್ತದೆ. ಚಿಕ್ಕ ಮಕ್ಕಳು ಕಣ್ಣನ್ನೇ ಹೆಚ್ಚು ನೆಚ್ಚುತ್ತಾರೆ. ಅದಕ್ಕೇ ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಲು ಹೇಳಿದರೆ ಅವರು ಕೂಡಲೇ ವಾಲಿಬಿಡುತ್ತಾರೆ. ನಾಲ್ಕರಿಂದ ಆರು ವರ್ಷದ ನಡುವೆ ಈ ಕೂಡಿಸುವ ಕೆಲಸ ವೇಗವಾಗಿ ಬದಲಾಗುತ್ತಿರುತ್ತದೆ.

ಸಾಲಾಗಿ ಚೌಕದ ಮನೆಗಳನ್ನು ಬರೆದ ಏಣಿಯೂ ಮೇಲೆ ಕಾಲಿಟ್ಟು ನಡೆಯುವ ಗೆರೆಯೂ ಇದರ ಎರಡು ಬೇರೆ ಭಾಗಗಳನ್ನು ದುಡಿಸುತ್ತವೆ. ಏಣಿಯಲ್ಲಿ ಒಂದು ಕಾಲು ಈ ಮನೆಯಲ್ಲಿರುವಾಗಲೇ ಕಣ್ಣು ಮುಂದಿನ ಮನೆಯನ್ನು ಹಿಡಿದು, ಇನ್ನೊಂದು ಕಾಲಿಗೆ ದಾರಿ ತೋರಬೇಕು. ಇಲ್ಲಿ ಕಲಿಯುವುದು ಕಣ್ಣು ಮತ್ತು ಕಾಲಿನ ಹೊಂದಾಣಿಕೆ, ಹೆಜ್ಜೆಯ ಲಯ. ಗೆರೆಯ ಮೇಲೆ ನಡೆಯುವಾಗ ಎರಡು ಪಾದಗಳ ನಡುವಿನ ಅಗಲ ಇಲ್ಲವಾಗುವುದರಿಂದ ದೇಹ ಎಡಬಲಕ್ಕೆ ವಾಲುತ್ತದೆ, ಸೊಂಟ ಮತ್ತು ಕಣಕಾಲು ಅದನ್ನು ಗಳಿಗೆಗೊಮ್ಮೆ ಸರಿಪಡಿಸುತ್ತಿರಬೇಕಾಗುತ್ತದೆ. ಏಣಿ ಚುರುಕಿನ ಕೆಲಸ, ಗೆರೆ ನಿಧಾನದ ಕೆಲಸ. ಒಂದರ ನಂತರ ಒಂದು ಬಂದಾಗ ಮಗು ವೇಗವನ್ನು ತಗ್ಗಿಸುವುದನ್ನೂ ಕಲಿಯುತ್ತದೆ.

ಅಳತೆ ಮತ್ತು ನಕ್ಷೆ

ಅಂಗನವಾಡಿಯ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಸಿಮೆಂಟ್ ಅಂಗಳವಿದೆ ಎಂದಿಟ್ಟುಕೊಳ್ಳಬಹುದು. ಗೋಡೆ, ಮೆಟ್ಟಿಲುಗಳಿಂದ ನಾಲ್ಕೂ ಕಡೆ ಎರಡೆರಡು ಅಡಿ ಬಿಟ್ಟರೆ 16 ಅಡಿಗೆ 11 ಅಡಿ ಉಳಿಯುತ್ತದೆ. ದಾರಿಯನ್ನು ಇದರ ಅಂಚಿನಲ್ಲೇ ಒಂದು ಸುತ್ತು ತರಬೇಕು. ಆಗ ಮಕ್ಕಳೆಲ್ಲ ಒಂದೇ ದಿಕ್ಕಿನಲ್ಲಿ ಸಾಗುತ್ತಾರೆ, ಎದುರುಬದುರಾಗಿ ಡಿಕ್ಕಿ ಹೊಡೆಯುವುದಿಲ್ಲ, ಹೊರಟ ಮೂಲೆಗೇ ಬಂದು ಮುಟ್ಟುತ್ತಾರೆ.

ಮೊದಲ ಉದ್ದನೆಯ ಬದಿಗೆ ಏಣಿ. ಈ ವಯಸ್ಸಿನ ಮಗುವಿನ ಪಾದ ಸುಮಾರು ಏಳು ಅಂಗುಲ, ಸಹಜ ಹೆಜ್ಜೆ ಹೆಚ್ಚುಕಡಿಮೆ ಒಂದೂವರೆ ಅಡಿ. ಹಾಗಾಗಿ ಪ್ರತಿ ಮನೆಯನ್ನು 14 ಅಂಗುಲದ ಚೌಕವಾಗಿ ಬರೆಯುವುದು ಸೂಕ್ತ. ಸಹಜ ಹೆಜ್ಜೆಗಿಂತ ತುಸು ಚಿಕ್ಕದಾದ್ದರಿಂದ ಮಗು ಸುಮ್ಮನೆ ನಡೆದುಹೋಗಲಾಗದು, ಪ್ರತಿ ಹೆಜ್ಜೆಯನ್ನೂ ನೋಡಿ ಇಡಬೇಕಾಗುತ್ತದೆ. ಎಂಟು ಮನೆಗಳಿಗೆ ಒಂಬತ್ತು ಅಡಿ ನಾಲ್ಕು ಅಂಗುಲ ಸಾಕು. ಮನೆಯನ್ನು ಸಹಜ ಹೆಜ್ಜೆಗಿಂತ ದೊಡ್ಡದಾಗಿ ಬರೆದರೆ ಮಕ್ಕಳು ಪ್ರತಿ ಮನೆಗೂ ಕಾಲು ಚಾಚಿ ಹಾರುತ್ತಾರೆ, ಲಯ ಮುರಿಯುತ್ತದೆ.

ಎರಡನೆಯದಾಗಿ, ಗಿಡ್ಡ ಬದಿಗೆ ಎಂಟು ಅಡಿಯ ನೇರ ಗೆರೆ. ಗೆರೆಯೆಂದರೂ ಮೊದಲ ವಾರ ಅದು ನಾಲ್ಕು ಅಂಗುಲ ಅಗಲದ ಪಟ್ಟಿ. ಎರಡು ಗೆರೆ ಎಳೆದು ನಡುವೆ ಬಣ್ಣ ತುಂಬಿದರೆ ಆಯಿತು. ಹಿಮ್ಮಡಿಯನ್ನು ಇನ್ನೊಂದು ಪಾದದ ಹೆಬ್ಬೆರಳಿಗೆ ತಾಗಿಸುತ್ತಾ ಹೋದರೆ ಹದಿನಾಲ್ಕು ಹೆಜ್ಜೆ ಹಿಡಿಯುತ್ತದೆ. ಮೂರನೆಯದು ಇನ್ನೊಂದು ಉದ್ದನೆಯ ಬದಿಯಲ್ಲಿ ಆರು ವೃತ್ತಗಳು, ಹೊಳೆ ದಾಟುವ ಕಲ್ಲುಗಳಂತೆ. ಒಂದೊಂದೂ ಒಂದಡಿ ಅಗಲ, ನಡುಬಿಂದುವಿನಿಂದ ನಡುಬಿಂದುವಿಗೆ ಒಂದೂವರೆ ಅಡಿ. ಇಲ್ಲಿ ಎರಡೂ ಕಾಲು ಜೋಡಿಸಿ ಹಾರಬೇಕು. ನಾಲ್ಕನೆಯದು ಮರಳುವ ಬದಿಯಲ್ಲಿ ಹಾವಿನಂತೆ ಬಳುಕುವ ಗೆರೆ. ಕೊನೆಗೆ ಹೊರಟ ಮೂಲೆಯ ಬಳಿ, ಸುತ್ತಿನ ಒಳಬದಿಗೆ, ಎರಡು ಜೋಡಿ ಪಾದದ ಗುರುತು. ಅಲ್ಲಿ ಒಂಟಿಕಾಲಲ್ಲಿ ನಿಂತು ಐದು ಎಣಿಸಬೇಕು. ಈ ನಿಲುಗಡೆಗೆ ಒಬ್ಬೊಬ್ಬರಿಗೆ ಹಿಡಿಯುವ ಹೊತ್ತು ಬೇರೆಬೇರೆ. ಆದ್ದರಿಂದಲೇ ಅದನ್ನು ಕೊನೆಯಲ್ಲಿಟ್ಟು ಎರಡು ಜಾಗ ಬರೆಯಬೇಕು. ನಡುವೆ ಇಟ್ಟರೆ ಹಿಂದಿನವರೆಲ್ಲ ಅಲ್ಲೇ ಗುಂಪುಗೂಡುತ್ತಾರೆ.

ಗೆರೆ ನೇರವಾಗಿ ಬರಲು ಇಬ್ಬರು ದಾರದ ಎರಡು ತುದಿ ಬಿಗಿಹಿಡಿದು ಅದರ ಗುಂಟ ಎಳೆಯಬೇಕು. ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಬರೆದರೆ ಒಣಗಿದ ಮೇಲೆ ಗೆರೆ ದಟ್ಟವಾಗಿ ಕಾಣುತ್ತದೆ, ಬೇಗ ಅಳಿಯುವುದೂ ಇಲ್ಲ. ನುಣುಪಾದ ಕಡಪಾ ಕಲ್ಲು ಅಥವಾ ಟೈಲ್ಸ್ ಮೇಲೆ ಸುಣ್ಣದ ಧೂಳು ಜಾರುತ್ತದೆ, ಅಲ್ಲಿ ಹಾರುವ ಆಟ ಬೇಡ. ಮಣ್ಣಿನ ಅಂಗಳವಾದರೆ ಕೋಲಿನಿಂದ ಗೀರಬಹುದು ಅಥವಾ ರಂಗೋಲಿ ಪುಡಿ ಬಳಸಬಹುದು. ದೊಡ್ಡವರ ಮೈದಾನದಲ್ಲಿ ಗೆರೆ ಹಾಕುವ ಸುಣ್ಣದ ಪುಡಿ ಮಕ್ಕಳ ಕಣ್ಣಿಗೂ ಬರಿಗಾಲಿಗೂ ಉರಿ ತರುವುದರಿಂದ ಅದು ಸಲ್ಲದು. ಬೆಳಗಿನ ಹೊತ್ತು ನೆಲ ಕಾಯುವ ಮೊದಲು, ಗುಡಿಸಿದ ಅಂಗಳದಲ್ಲಿ ಬರಿಗಾಲೇ ಉತ್ತಮ, ಅಂಗಾಲಿನ ಸ್ಪರ್ಶ ನೇರವಾಗಿ ಸಿಗುತ್ತದೆ. ಬರೀ ಕಾಲುಚೀಲ ಹಾಕಿಕೊಂಡರೆ ಜಾರುತ್ತದೆ.

ಸರದಿಯ ಲೆಕ್ಕ

ಚಿಕ್ಕ ಅಂಗಳದಲ್ಲಿ ದಾರಿ ಕೆಡುವುದು ಹೆಚ್ಚಾಗಿ ಕಾಯುವಿಕೆಯಿಂದ. ಏಣಿಗೆ ಹತ್ತು ಸೆಕೆಂಡು, ನೇರ ಗೆರೆಗೆ ಹದಿನೈದು, ವೃತ್ತಗಳಿಗೆ ಹತ್ತು, ಬಳುಕು ಗೆರೆಗೆ ಹದಿನೈದು, ನಿಲ್ಲಲು ಹತ್ತು ಎಂದರೆ ಒಂದು ಸುತ್ತಿಗೆ ಒಂದು ನಿಮಿಷ. ಮುಂದಿನ ಮಗುವನ್ನು ಬಿಡುವ ಅಂತರವನ್ನು ನಿರ್ಧರಿಸುವುದು ಅತಿ ನಿಧಾನದ ಹಂತ, ಅಂದರೆ ಗೆರೆಯ ಹದಿನೈದು ಸೆಕೆಂಡು. ಆರು ಮಕ್ಕಳ ಗುಂಪಾದರೆ ಒಬ್ಬರಿಗೆ ತೊಂಬತ್ತು ಸೆಕೆಂಡಿಗೊಮ್ಮೆ ಸರದಿ ಬರುತ್ತದೆ. ಒಂದು ನಿಮಿಷ ದಾರಿಯಲ್ಲಿ, ಅರ್ಧ ನಿಮಿಷ ಕಾಯುತ್ತಾ. ಹತ್ತು ನಿಮಿಷದಲ್ಲಿ ಪ್ರತಿಯೊಬ್ಬರಿಗೂ ಆರು ಸುತ್ತು ಸಿಗುತ್ತವೆ. ಅದೇ ದಾರಿಗೆ 24 ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಸರದಿ ಬರುವುದು ಆರು ನಿಮಿಷಕ್ಕೊಮ್ಮೆ. ಐದು ನಿಮಿಷ ಕಾದು ನಿಂತ ಮಕ್ಕಳು ತಳ್ಳಾಟಕ್ಕಿಳಿಯುತ್ತಾರೆ. ಆದ್ದರಿಂದ ಆರಾರು ಮಕ್ಕಳ ನಾಲ್ಕು ಗುಂಪು ಮಾಡಿ, ಉಳಿದ ಮೂರು ಗುಂಪಿಗೆ ಚೆಂಡು, ಮರಳು ಅಥವಾ ಒಳಗಿನ ಆಟ ಕೊಡಬೇಕು.

ಗಡಿಯಾರ ನೋಡಿ ಮಕ್ಕಳನ್ನು ಬಿಡುವುದು ಕಷ್ಟ. ನೇರ ಗೆರೆಯ ನಡುವೆ ಒಂದು ಅಡ್ಡಗುರುತು ಹಾಕಿ, ಮುಂದೆ ಹೋದವರು ಅದನ್ನು ದಾಟಿದ ಮೇಲೆಯೇ ಹಿಂದಿನವರು ಹೊರಡಬೇಕು ಎಂದು ಹೇಳಿಕೊಟ್ಟರೆ ಅಂತರ ತಾನಾಗಿಯೇ ಉಳಿಯುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಏಣಿಯಲ್ಲಿ ಮೊದಲು ಒಂದು ಮನೆಗೆ ಒಂದು ಹೆಜ್ಜೆ, ನಂತರ ಪ್ರತಿ ಮನೆಯಲ್ಲೂ ಎಡ ಬಲ ಎರಡೂ ಹೆಜ್ಜೆ, ಆಮೇಲೆ ಜೋಡಿಗಾಲ ಜಿಗಿತ, ಕೊನೆಗೆ ಅಡ್ಡಡ್ಡವಾಗಿ ಸರಿಯುವುದು. ಗೆರೆಯ ಅಗಲ ನಾಲ್ಕು ಅಂಗುಲದಿಂದ ಮೂರಕ್ಕೆ, ಎರಡಕ್ಕೆ ಇಳಿಯಬೇಕು. ಅದು ಪಳಗಿದ ಮೇಲೆ ಹುಣಸೆಬೀಜ ತುಂಬಿ ಹೊಲಿದ ಚಿಕ್ಕ ಬಟ್ಟೆಚೀಲವನ್ನು ತಲೆಯ ಮೇಲಿಟ್ಟು ನಡೆಸಬಹುದು. ಆಗ ಕಣ್ಣು ಪಾದವನ್ನು ಬಿಟ್ಟು ಮುಂದೆ ನೋಡಲೇಬೇಕಾಗುತ್ತದೆ, ಅಂಗಾಲು ಮತ್ತು ಒಳಗಿವಿಯ ಪಾಲು ಹೆಚ್ಚುತ್ತದೆ. ಒಂದೇ ದಿನ ಗೆರೆಯನ್ನೂ ಕಿರಿದು ಮಾಡಿ ಚೀಲವನ್ನೂ ಇಟ್ಟರೆ, ಮಗು ತಪ್ಪಿದಾಗ ಯಾವುದು ಕಷ್ಟವಾಯಿತೆಂದು ತಿಳಿಯುವುದಿಲ್ಲ.

ಅಳತೆ ಹೊಂದಿಲ್ಲವೆಂದು ಮಗುವಿನ ಮೈಯೇ ಹೇಳುತ್ತದೆ. ತೋಳುಗಳು ಭುಜದ ಮಟ್ಟಕ್ಕೇರಿ ಬಿಗಿಯಾಗಿರುವುದು, ಪ್ರತಿ ಮನೆಯಲ್ಲೂ ನಿಂತು ನಿಂತು ಹೋಗುವುದು, ಹಾರಿದಾಗ ಮಂಡಿ ಬಾಗದೆ ನೆಲದ ಮೇಲೆ ದಪ್ಪೆಂದು ಸದ್ದಾಗುವುದು ದಾರಿ ಕಷ್ಟವಾಗಿರುವ ಲಕ್ಷಣಗಳು. ಎಲ್ಲೂ ತಪ್ಪದೆ ಅತ್ತಿತ್ತ ನೋಡುತ್ತಾ ಮುಗಿಸಿದರೆ ಅದು ತೀರ ಸುಲಭ. ತಪ್ಪು ಅವಸರದ್ದೋ ಅಳತೆಯದೋ ಎಂದು ತಿಳಿಯಲು ಅದೇ ಮಗುವನ್ನು ನಿಧಾನವಾಗಿ ನಡೆಸಿ ನೋಡಬೇಕು. ನಿಧಾನದಲ್ಲಿ ಸರಿಹೋದರೆ ಅವಸರವೇ ಕಾರಣ. ಯಾರು ಮೊದಲು ಎಂಬ ಪಂದ್ಯ ಹೂಡಿದ ದಿನ ಹೀಗಾಗುವುದೇ ಹೆಚ್ಚು.

ಒಂದು ಮಗು ಏಣಿಯ ಜಿಗಿತವನ್ನು ಚೆನ್ನಾಗಿ ಮುಗಿಸಿ, ಬಳುಕು ಗೆರೆಯಲ್ಲಿ ಮಾತ್ರ ಪ್ರತಿ ಸಲ ಎಡತಿರುವಿನಲ್ಲಿ ಹೊರಗೆ ಕಾಲಿಡುತ್ತಿದೆ ಎನ್ನೋಣ. ನಿಧಾನಿಸಿದರೂ ತಪ್ಪು ಉಳಿಯುತ್ತದೆ. ಮೊದಲು ಆ ತಿರುವಿನ ಬಾಗನ್ನು ಒರೆಸಿ ಸಡಿಲವಾಗಿ ಬರೆಯಬೇಕು. ಆಗ ಸಾಧ್ಯವಾದರೆ ತಿರುವು ಬಿಗಿಯಾಗಿತ್ತೆಂದು ಅರ್ಥ, ಕೆಲವು ದಿನಗಳಲ್ಲಿ ಮತ್ತೆ ತುಸು ತುಸು ಬಿಗಿ ಮಾಡಬಹುದು. ಆಗಲೂ ತಪ್ಪಿದರೆ ಕೊನೆಯ ನಿಲುಗಡೆಯಲ್ಲಿ ಎಡಗಾಲು, ಬಲಗಾಲು ಎರಡರ ಮೇಲೂ ನಿಲ್ಲಿಸಿ ಹೋಲಿಸಬೇಕು. ಎಡಗಾಲಲ್ಲಿ ಬೇಗ ವಾಲಿದರೆ ಕೆಲವು ದಿನ ಆ ಕಾಲಿನ ನಿಲುಗಡೆಗೆ ಒಂದೆರಡು ಸರದಿ ಹೆಚ್ಚು ಕೊಡಬೇಕು. ಎರಡೂ ಕಾಲುಗಳ ನಡುವೆ ತುಸು ವ್ಯತ್ಯಾಸ ಈ ವಯಸ್ಸಿಗೆ ಸಾಮಾನ್ಯ.

ಎಲ್ಲಿಯವರೆಗೆ ಉಪಯೋಗ

ಏಣಿಯ ಅಭ್ಯಾಸದಿಂದ ಮುಖ್ಯವಾಗಿ ಪಳಗುವುದು ಏಣಿಯ ಹೆಜ್ಜೆಗಳೇ. ಚೆಂಡು ಹಿಡಿಯುವುದು, ಎಸೆಯುವುದು ಅದರಿಂದ ತಾನಾಗಿ ಬರುವುದಿಲ್ಲ, ಅವಕ್ಕೆ ಬೇರೆ ಆಟ ಬೇಕು. ನೆಲದ ಗೆರೆಯಲ್ಲಿ ಎತ್ತರದ ಅಳುಕೂ ಇಲ್ಲ, ಆದ್ದರಿಂದ ಗೆರೆಯ ಮೇಲೆ ಸಲೀಸಾಗಿ ನಡೆದ ಮಗು ಗಿಡ್ಡ ಕಟ್ಟೆಯ ಮೇಲೆ ತಡವರಿಸುವುದುಂಟು. ಒಂದೇ ದಾರಿ ಬಾಯಿಪಾಠವಾದ ಮೇಲೆ ಕಲಿಕೆ ನಿಲ್ಲುತ್ತದೆ. ಆಗ ಸುತ್ತಿನ ದಿಕ್ಕು ತಿರುಗಿಸುವುದು ಅಥವಾ ಹಂತಗಳ ಕ್ರಮ ಬದಲಿಸುವುದು ಸಾಕಾಗುತ್ತದೆ.

ಈ ದಾರಿ ವೈದ್ಯಕೀಯ ಪರೀಕ್ಷೆಯೂ ಅಲ್ಲ. ಆದರೂ ದಿನವೂ ನೋಡುವ ಶಿಕ್ಷಕಿಗೆ ಕೆಲವು ಸಂಗತಿಗಳು ಎದ್ದು ಕಾಣುತ್ತವೆ. ಐದು ತುಂಬಿದ ಮಗು ವಾರಗಟ್ಟಲೆ ಅಭ್ಯಾಸದ ನಂತರವೂ ಯಾವ ಕಾಲಲ್ಲೂ ಒಮ್ಮೆಯೂ ಕುಂಟಲಾರದಿದ್ದರೆ, ಸಪಾಟು ನೆಲದಲ್ಲೂ ಪದೇ ಪದೇ ಬೀಳುತ್ತಿದ್ದರೆ, ಮೊದಲು ಮಾಡುತ್ತಿದ್ದುದನ್ನು ಈಗ ಮಾಡಲಾಗದಿದ್ದರೆ ಗೆರೆ ತಿದ್ದುತ್ತಾ ಕೂರಬಾರದು. ಮನೆಯವರಿಗೆ ತಿಳಿಸಿ ಮಕ್ಕಳ ವೈದ್ಯರಿಗೆ ತೋರಿಸುವಂತೆ ಹೇಳಬೇಕು.