ಪರದೆಯ ಚಿತ್ರದಲ್ಲಿ #N/A: ಬಿಲ್ಲು ಕಾಣೆಯಾಗಿದೆಯೆ, ಹುಡುಕಾಟ ತಪ್ಪಿದೆಯೆ?

ಜಿಎಸ್‌ಟಿ ಪದ್ಧತಿಯಲ್ಲಿ ಪ್ರತಿ ತಿಂಗಳ 14ರಂದು ವರ್ತಕರ ಖಾತೆಯಲ್ಲಿ ಜಿಎಸ್‌ಟಿಆರ್-2ಬಿ ಎಂಬ ತಖ್ತೆ ಸಿದ್ಧವಾಗುತ್ತದೆ. ಮಾಲು ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ ಅದು. 20ರೊಳಗೆ ಮಾಸಿಕ ರಿಟರ್ನ್ ಸಲ್ಲಿಸಬೇಕಾದ ವರ್ತಕರಿಗೆ ಈ ಪಟ್ಟಿಯನ್ನು ತಮ್ಮ ಖರೀದಿ ಪುಸ್ತಕದೊಡನೆ ತಾಳೆ ನೋಡಲು ದೊರೆಯುವುದು ಕೆಲವೇ ದಿನಗಳು. ಹೊಳಲ್ಕೆರೆಯ ಅಡಿಕೆ ವರ್ತಕರಾಗಲಿ, ಹಿರಿಯೂರಿನ ಬಿಡಿಭಾಗಗಳ ಅಂಗಡಿಯವರಾಗಲಿ, ತಾಳೆಯಲ್ಲಿ ತೊಡಕು ಬಂದರೆ ಕಂಪ್ಯೂಟರ್ ಪರದೆಯ ಚಿತ್ರ ತೆಗೆದು ಚಿತ್ರದುರ್ಗದಲ್ಲಿರುವ ತಮ್ಮ ಲೆಕ್ಕಿಗರಿಗೆ ಫೋನಿನಲ್ಲಿ ಕಳುಹಿಸುವುದು ಸುಲಭದ ದಾರಿ. ಆ ಚಿತ್ರದಲ್ಲಿ ಹಲವು ವೇಳೆ ಕಾಣುವುದು #N/A ಎಂಬ ಗುರುತು. ಅದನ್ನು ಏನೂ ತಿಳಿಯದವರಿಗೆ ಹೇಗೆ ವಿವರಿಸಲಾಗುತ್ತದೆ ಎಂಬುದರ ಮೇಲೆ ಸಾವಿರಾರು ರೂಪಾಯಿಗಳ ವ್ಯವಹಾರ ನಿಂತಿರುತ್ತದೆ.

ಕಾರಣ ಕಾನೂನಿನಲ್ಲಿಯೇ ಇದೆ. 2022ರ ಜನವರಿ 1ರಿಂದ ಜಾರಿಗೆ ಬಂದ 16(2)(ಎಎ) ಉಪಬಂಧದ ಪ್ರಕಾರ, ಮಾರಿದವರು ತೋರಿಸಿ, ಖರೀದಿದಾರರಿಗೆ ತಿಳಿಸಲ್ಪಟ್ಟ ಬಿಲ್ಲಿಗೆ ಮಾತ್ರ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ. ಆದುದರಿಂದ #N/A ಕಂಡೊಡನೆ ವರ್ತಕರು ‘ಎದುರಿನವರು ಬಿಲ್ಲು ತೋರಿಸಿಲ್ಲ’ ಎಂದು ತಿಳಿದು, ಅವರಿಗೆ ಸಲ್ಲಬೇಕಾದ ಹಣದಲ್ಲಿ ತೆರಿಗೆಯ ಭಾಗವನ್ನು ತಡೆಹಿಡಿಯುವುದುಂಟು. ಆದರೆ ಯಂತ್ರ ಆ ಮಾತನ್ನು ಹೇಳಿರುವುದಿಲ್ಲ.

ಒಂದು ಮಾದರಿ ಪ್ರಸಂಗವನ್ನು ತೆಗೆದುಕೊಳ್ಳಬಹುದು. ಹೊಸದುರ್ಗದ ಒಂದು ಹಾರ್ಡ್‌ವೇರ್ ಅಂಗಡಿಗೆ ತಿಂಗಳಲ್ಲಿ ಬೆಂಗಳೂರು ಮತ್ತು ದಾವಣಗೆರೆಗಳಿಂದ 40 ಬಿಲ್ಲುಗಳ ಮಾಲು ಬಂದಿದೆ. ಅಂಗಡಿಯ ಹುಡುಗ ಎಕ್ಸೆಲ್ ಹಾಳೆಯ A ಅಂಕಣದಲ್ಲಿ ಪುಸ್ತಕದ ಬಿಲ್ ನಂಬರುಗಳನ್ನು ಟೈಪ್ ಮಾಡಿದ್ದಾನೆ. 2ಬಿ ತಖ್ತೆಯ ಬಿಲ್ ನಂಬರುಗಳನ್ನು D ಅಂಕಣದಲ್ಲಿಯೂ ಅವುಗಳ ತೆರಿಗೆಯನ್ನು E ಅಂಕಣದಲ್ಲಿಯೂ ಅಂಟಿಸಿದ್ದಾನೆ. ಬೇರೊಬ್ಬರು ಬರೆದುಕೊಟ್ಟ ಈ ಸೂತ್ರವನ್ನು ಮಧ್ಯದ ಅಂಕಣದಲ್ಲಿ ಹಾಕಿದ್ದಾನೆ:

```
=VLOOKUP(A5,D:E,2,FALSE)
```

ಏಳು ಸಾಲುಗಳಲ್ಲಿ #N/A ಬಂದಿದೆ. ಆ ಏಳು ಬಿಲ್ಲುಗಳ ತೆರಿಗೆ ಒಟ್ಟು ರೂ. 31,860.

ಲೆಕ್ಕಿಗರು ಮೊದಲು ಮಾಡಬೇಕಾದುದು ಸರಿಯಾದ ಚಿತ್ರವನ್ನು ಕೇಳುವುದು. ದೋಷವಿರುವ ಮನೆಯನ್ನಷ್ಟೇ ಹತ್ತಿರದಿಂದ ತೆಗೆದ ಚಿತ್ರದಿಂದ ಏನೂ ತಿಳಿಯುವುದಿಲ್ಲ. ಆ ಮನೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಮೇಲುಗಡೆಯ ಸೂತ್ರದ ಪಟ್ಟಿ, ಅಂಕಣಗಳ ಅಕ್ಷರ, ಸಾಲುಗಳ ಸಂಖ್ಯೆ ಮತ್ತು ಎರಡೂ ಪಟ್ಟಿಗಳು ಕಾಣುವಂತೆ ಚಿತ್ರ ತೆಗೆಯಬೇಕು. ಬ್ಯಾಂಕ್ ಖಾತೆಯ ವಿವರಗಳಿದ್ದರೆ ಅವನ್ನು ಮರೆಮಾಡಿ ಕಳುಹಿಸುವುದು ಲೇಸು.

ಬಳಿಕ ಸೂತ್ರವನ್ನು ಮಾತಿನಲ್ಲಿ ಬಿಡಿಸಬೇಕು. ಗುಮಾಸ್ತನೊಬ್ಬನ ಕೈಗೆ ಒಂದು ಚೀಟಿ ಕೊಟ್ಟು, ‘ಇದರಲ್ಲಿರುವ ನಂಬರನ್ನು D ಪಟ್ಟಿಯಲ್ಲಿ ಹುಡುಕು, ಸಿಕ್ಕರೆ ಅದರ ಪಕ್ಕದ ತೆರಿಗೆಯನ್ನು ಬರೆದು ತಾ’ ಎಂದಂತೆ ಈ ಸೂತ್ರ. ಕೊನೆಯ FALSE ಎಂಬುದರ ಅರ್ಥ, ‘ಹತ್ತಿರದ್ದು ಬೇಡ, ಅದೇ ಬೇಕು’ ಎಂದು. #N/A ಎಂದರೆ ಗುಮಾಸ್ತನು ಹಿಂತಿರುಗಿ ‘ಚೀಟಿಯಲ್ಲಿ ಬರೆದ ಹಾಗೆಯೇ ಇರುವುದು ಸಿಕ್ಕಲಿಲ್ಲ’ ಎಂದು ಹೇಳಿದ ಹಾಗೆ. ಬಿಲ್ಲು ಇಲ್ಲವೆಂದು ಅವನು ಹೇಳಿಲ್ಲ. ಚೀಟಿಯಲ್ಲಿಯೇ ತಪ್ಪಿರಬಹುದು.

ಹೊಸಬರಿಗೆ ಇಲ್ಲಿ ತಿಳಿಸಬೇಕಾದ ಮುಖ್ಯ ಸಂಗತಿ ಒಂದೇ: ಬಿಲ್ ನಂಬರು ನಿಜಕ್ಕೂ ಸಂಖ್ಯೆಯಲ್ಲ, ಅದೊಂದು ಹೆಸರು. ಚೀಲದ ತೂಕವನ್ನು ಕೂಡಬಹುದು. ಚೀಲದ ಮೇಲಿನ ಗುರುತನ್ನು ಕೂಡಲಾಗದು. ಜಿಎಸ್‌ಟಿ ನಿಯಮದಂತೆ ಬಿಲ್ ನಂಬರಿನಲ್ಲಿ ಅಂಕಿ, ಅಕ್ಷರ, ಅಡ್ಡಗೆರೆ, ಓರೆಗೆರೆಗಳು ಸೇರಿ 16 ಚಿಹ್ನೆಗಳವರೆಗೆ ಇರಬಹುದು. ಆದರೆ 1042 ಎಂದು ಟೈಪ್ ಮಾಡಿದೊಡನೆ ಎಕ್ಸೆಲ್ ಅದನ್ನು ತೂಕದಂತಹ ಸಂಖ್ಯೆಯೆಂದು ತಿಳಿಯುತ್ತದೆ. 2ಬಿ ತಖ್ತೆಯಿಂದ ಬಂದ 1042 ಸಾಮಾನ್ಯವಾಗಿ ಅಕ್ಷರರೂಪದ ಹೆಸರಾಗಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ.

ಈ ಭೇದವು ಚಿತ್ರದಲ್ಲಿಯೇ ಕಾಣುವುದುಂಟು. ಸಂಖ್ಯೆಗಳು ಮನೆಯ ಬಲಕ್ಕೆ, ಅಕ್ಷರರೂಪದವು ಎಡಕ್ಕೆ ಒತ್ತಿಕೊಂಡಿರುತ್ತವೆ. ಅಕ್ಷರರೂಪದ ಅಂಕಿಯ ಮನೆಯ ಮೂಲೆಯಲ್ಲಿ ಹಸಿರು ತ್ರಿಕೋನವೂ ಇರಬಹುದು. ಆದರೆ ಯಾರಾದರೂ ಅಂಕಣವನ್ನು ಎಡಕ್ಕೋ ಮಧ್ಯಕ್ಕೋ ಸರಿಸಿದ್ದರೆ ಈ ಸುಳಿವು ನಂಬುವಂತಿಲ್ಲ. ಆಗ ಖಾಲಿ ಮನೆಯಲ್ಲಿ =ISNUMBER(A5) ಎಂದು ಬರೆದರೆ, ಸಂಖ್ಯೆಯಾಗಿದ್ದಲ್ಲಿ TRUE ಎಂದು ಬರುತ್ತದೆ.

ಮೇಲಿನ ಪ್ರಸಂಗದ ಏಳರಲ್ಲಿ ಮೂರು ಬಿಲ್ಲುಗಳು ಇಂಥವು. ಅವುಗಳ ತೆರಿಗೆ ರೂ. 14,400. ಟೈಪ್ ಮಾಡಿದ ಮೇಲೆ ಅಂಕಣವನ್ನು ‘ಟೆಕ್ಸ್ಟ್’ ಎಂದು ಬದಲಿಸಿದರೆ ಈಗಾಗಲೇ ಇರುವ ಸಂಖ್ಯೆಗಳ ಸ್ವರೂಪ ಬದಲಾಗದು. ಸೂತ್ರವನ್ನು ಹೀಗೆ ತಿದ್ದಿದರೆ ಹುಡುಕುವಾಗ ಅವು ಅಕ್ಷರರೂಪಕ್ಕೆ ಬರುತ್ತವೆ:

```
=VLOOKUP(A5&"",D:E,2,FALSE)
```

ಇನ್ನೆರಡು ಬಿಲ್ಲುಗಳ ನಂಬರು ಸೊನ್ನೆಯಿಂದ ಮೊದಲಾಗುತ್ತದೆ. ಅವುಗಳ ತೆರಿಗೆ ರೂ. 7,920. ಹುಡುಗ 0417 ಎಂದು ಒತ್ತಿದ್ದರೂ, ಬೆಲೆಯಿಲ್ಲದ ಸೊನ್ನೆಯೆಂದು ಎಕ್ಸೆಲ್ ಅದನ್ನು ಬಿಟ್ಟು 417 ಎಂದಷ್ಟೇ ಉಳಿಸಿಕೊಂಡಿದೆ. ಹೋದ ಸೊನ್ನೆಯನ್ನು ಯಾವ ತಿದ್ದುಪಡಿಯೂ ತಾನಾಗಿ ತರದು. ಮೂಲ ಬಿಲ್ಲನ್ನು ನೋಡಿ, ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಇಟ್ಟು '0417 ಎಂದು ಮತ್ತೆ ಬರೆಯಬೇಕು. ಆರನೆಯ ಬಿಲ್ಲಿನಲ್ಲಿ ನಂಬರಿನ ನಂತರ ಕಾಣದ ಒಂದು ಖಾಲಿ ಜಾಗ ಸೇರಿದೆ, ತೆರಿಗೆ ರೂ. 3,600. =LEN(A5) ಎಂಬ ಸೂತ್ರ ಚಿಹ್ನೆಗಳನ್ನು ಎಣಿಸುತ್ತದೆ. ನಾಲ್ಕು ಕಂಡು ಐದು ಎಂದು ಬಂದರೆ ಕಾಣದ್ದೊಂದು ಸೇರಿದೆ ಎಂದರ್ಥ. ಅದನ್ನು ಅಳಿಸಿದರೆ ಸಾಕು.

ಉಳಿದ ಏಳನೆಯದು, ರೂ. 5,940 ತೆರಿಗೆಯ ಬಿಲ್ಲು, 2ಬಿ ತಖ್ತೆಯಲ್ಲಿ ಕಣ್ಣಿನಿಂದ ಹುಡುಕಿದರೂ ಇಲ್ಲ. ಮಾರಿದವರಿಗೆ ಕೇಳಬೇಕಾದುದು ಇದೊಂದನ್ನೇ. ಅಲ್ಲಿಯೂ ಒಮ್ಮೆಗೆ ವಂಚನೆಯೆಂದು ತಿಳಿಯಬೇಕಾಗಿಲ್ಲ. ಮಾಸಿಕ ರಿಟರ್ನ್‌ನವರು 11ರ ಗಡುವು ಮೀರಿ ಸಲ್ಲಿಸಿದ್ದರೆ ಬಿಲ್ಲು ಮುಂದಿನ ತಿಂಗಳ ತಖ್ತೆಯಲ್ಲಿ ಬರುತ್ತದೆ. ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಾದರೆ ತ್ರೈಮಾಸಿಕ ಮುಗಿಯುವವರೆಗೆ ಕಾಯಬೇಕಾಗಬಹುದು. ಆ ಜಮೆಯನ್ನು ಆರ್ಥಿಕ ವರ್ಷ ಕಳೆದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್, ಇವುಗಳಲ್ಲಿ ಮೊದಲು ಬರುವುದರೊಳಗೆ ಪಡೆಯಲು ಅವಕಾಶವಿದೆ. ಹೀಗೆ ತಡೆಹಿಡಿಯಲು ಹೊರಟಿದ್ದ ರೂ. 31,860ರಲ್ಲಿ ರೂ. 25,920 ಹಳೆಯ ವ್ಯಾಪಾರಸ್ಥರೊಡನೆ ವೃಥಾ ಮನಸ್ತಾಪಕ್ಕೆ ಕಾರಣವಾಗುತ್ತಿತ್ತು.

ಇಷ್ಟಾದರೂ ಒಂದು ಎಚ್ಚರಿಕೆ ಉಳಿಯುತ್ತದೆ. #N/A ಕಡೇಪಕ್ಷ ತನ್ನ ಇರವನ್ನು ತೋರಿಸಿಕೊಳ್ಳುತ್ತದೆ. ತೋರಿಸಿಕೊಳ್ಳದ ತಪ್ಪು ಅದಕ್ಕಿಂತ ಕೆಟ್ಟದ್ದು. ಬೆಂಗಳೂರಿನ ಒಬ್ಬರೂ ದಾವಣಗೆರೆಯ ಇನ್ನೊಬ್ಬರೂ ಅದೇ ತಿಂಗಳು 1042 ಎಂಬ ಬಿಲ್ಲನ್ನೇ ಕೊಟ್ಟಿದ್ದರೆ, ಈ ಸೂತ್ರ ಮೇಲಿನಿಂದ ಮೊದಲು ಸಿಕ್ಕಿದ್ದರ ತೆರಿಗೆಯನ್ನು ಎರಡೂ ಕಡೆ ಬರೆದುಬಿಡುತ್ತದೆ. ಪರದೆಯ ಮೇಲೆ ಯಾವ ದೋಷವೂ ಕಾಣದು. ಅದಕ್ಕಾಗಿ ಎರಡೂ ಪಟ್ಟಿಗಳಲ್ಲಿ ಮಾರಿದವರ 15 ಚಿಹ್ನೆಗಳ ಜಿಎಸ್‌ಟಿ ಸಂಖ್ಯೆಯನ್ನೂ ಬಿಲ್ ನಂಬರನ್ನೂ ಒಂದೇ ಮನೆಯಲ್ಲಿ ಜೋಡಿಸಿಕೊಂಡು, ಆ ಜೋಡಿಯನ್ನೇ ಹುಡುಕಿಸಬೇಕು. ತಂದ ತೆರಿಗೆಯ ಮೊತ್ತವನ್ನು ಪುಸ್ತಕದ ಮೊತ್ತದಿಂದ ಕಳೆದು ನೋಡಿ, ವ್ಯತ್ಯಾಸ ಸೊನ್ನೆಯಾದ ಸಾಲುಗಳನ್ನು ಮಾತ್ರ ತಾಳೆಯಾದವೆಂದು ಗುರುತು ಹಾಕಬೇಕು.